ಎರಡು ದಿನ, ಒಂದೇ 37 ಡಿಗ್ರಿ: ಹುಬ್ಬಳ್ಳಿ-ಧಾರವಾಡದ ಏಪ್ರಿಲ್ ಮಳೆಯನ್ನು ಬಲೂನಿನ ಅಂಕಿಗಳಲ್ಲಿ ಓದುವುದು

ಏಪ್ರಿಲ್ ಕೊನೆ, ಅಶ್ವಿನಿ ಮಳೆಯ ಕಾಲ. ಹುಬ್ಬಳ್ಳಿ-ಧಾರವಾಡದ ನಡುವೆ ಮಾವಿನ ತೋಟ ಇರುವ ನಮ್ಮ ಮಾಮಾ ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: "ನಿನ್ನಿನೂ ಇಷ್ಟ ಬಿಸಲು ಇತ್ತು, ಒಂದ್ ಹನಿ ಬೀಳಲಿಲ್ಲ. ಇವತ್ತ ಆಣೆಕಲ್ಲು ಬೀಳತೈತಿ ಅಂತ ಹೆಂಗ ಹೇಳತೀರಿ?" ಆಪೂಸ್ ಕಾಯಿ ಬಲಿತಿರುತ್ತದೆ. ಇನ್ನು ನಾಲ್ಕು ದಿನ ಗಿಡದಲ್ಲೇ ಇದ್ದರೆ ಒಳ್ಳೆಯ ರೇಟು ಸಿಗುತ್ತದೆ. ಆದರೆ ಕಾಲು ಗಂಟೆ ಆಲಿಕಲ್ಲು ಬಿದ್ದರೂ ಸಿಪ್ಪೆಯ ಮೇಲೆ ಕಲೆ ಕೂತು ಮಾಲು ಕೆಡುತ್ತದೆ. ಹಾಗಾಗಿ ಅವರ ಪ್ರಶ್ನೆ ಸುಮ್ನೆ ಕುತೂಹಲದ್ದಲ್ಲ.

ಉತ್ತರ ನೆಲದ ಮೇಲಿಲ್ಲ, ಮೇಲಿನ ಗಾಳಿಯಲ್ಲಿದೆ. ಅದನ್ನು ಅಳೆದು ತರುವುದು ಹವಾಮಾನ ಬಲೂನು. ಬೆನ್ನುಬೆನ್ನಿಗೆ ಬರುವ ಎರಡು ದಿನಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಎರಡೂ ದಿನ ಮಧ್ಯಾಹ್ನ 3 ಗಂಟೆಗೆ ಹುಬ್ಬಳ್ಳಿಯಲ್ಲಿ 37 ಡಿಗ್ರಿ. ಮೊದಲ ದಿನ ಒಣ ಸಂಜೆ. ಎರಡನೇ ದಿನ ನಾಲ್ಕೂವರೆಯ ಹೊತ್ತಿಗೆ ಬಿರುಗಾಳಿ, ಗುಡುಗು, ಆಲಿಕಲ್ಲು. ಇದು ಯಾವುದೋ ಒಂದು ತಾರೀಖಿನ ದಾಖಲೆ ಅಲ್ಲ. ನಮ್ಮ ಭಾಗದ ಏಪ್ರಿಲ್ ಗಾಳಿಯ ಗುಣಕ್ಕೆ ಹೊಂದುವಂತೆ, ಲೆಕ್ಕ ಕೈಯಲ್ಲೇ ಮಾಡಲು ಬರುವಂತೆ ಅಂಕಿಗಳನ್ನು ನಾನೇ ಜೋಡಿಸಿದ್ದೇನೆ. ಲೆಕ್ಕದ ನಿಯಮಗಳು ಮಾತ್ರ ಹವಾಮಾನದವರು ದಿನಾ ಬಳಸುವಂಥವೇ.

ಬಲೂನು ಏನು ಅಳೆಯುತ್ತದೆ

ಜಗತ್ತಿನ ಎಲ್ಲ ಕಡೆ ಬಲೂನು ಬಿಡುವ ಹೊತ್ತು ಒಂದೇ. ಗ್ರೀನಿಚ್ ಸಮಯ 0 ಗಂಟೆ ಮತ್ತು 12 ಗಂಟೆ, ಅಂದರೆ ನಮ್ಮಲ್ಲಿ ಬೆಳಗ್ಗೆ 5:30 ಮತ್ತು ಸಂಜೆ 5:30. ಬಲೂನು ಮೇಲೆ ಹೋಗಲು ಸಮಯ ಬೇಕಲ್ವಾ, ಅದಕ್ಕೆ ಸ್ವಲ್ಪ ಮುಂಚೆಯೇ ಬಿಡುತ್ತಾರೆ. ಹುಬ್ಬಳ್ಳಿಗೆ ಹತ್ತಿರದ ಕೇಂದ್ರ ಗೋವಾದ ಪಣಜಿ. ನೇರ ಗೆರೆಯಲ್ಲಿ ಸುಮಾರು 140 ಕಿ.ಮೀ. ದಕ್ಷಿಣಕ್ಕೆ ಮಂಗಳೂರು, ಬೆಂಗಳೂರು, ಪೂರ್ವಕ್ಕೆ ಹೈದರಾಬಾದ್ ಇವೆ.

ಬಲೂನು ರಬ್ಬರ್ ಹಾಲಿನಿಂದ ಮಾಡಿದ್ದು. ಒಳಗೆ ಹೈಡ್ರೋಜನ್ ತುಂಬುತ್ತಾರೆ. ಕೆಳಗೆ ಉದ್ದನೆಯ ದಾರ, ಅದರ ತುದಿಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಹಗುರ ಪೆಟ್ಟಿಗೆ. ಇದೇ ರೇಡಿಯೊಸಾಂಡ್. ದಾರ ಅಷ್ಟು ಉದ್ದ ಇರುವುದಕ್ಕೆ ಕಾರಣ ಇದೆ. ಬಿಸಿಲಿಗೆ ಬಲೂನಿನ ಮೈ ಕಾಯುತ್ತದೆ, ಅದರ ಸುತ್ತಲಿನ ಗಾಳಿಯೂ ಬೆಚ್ಚಗಾಗುತ್ತದೆ. ಪೆಟ್ಟಿಗೆ ಹತ್ತಿರ ಇದ್ದರೆ ವಾತಾವರಣದ ಶಾಖದ ಬದಲು ಬಲೂನಿನ ಶಾಖವನ್ನೇ ಅಳೆದುಬಿಡುತ್ತದೆ.

ಪೆಟ್ಟಿಗೆಯಿಂದ ಒಂದು ತೆಳ್ಳನೆಯ ಪಟ್ಟಿ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲೆ ಎರಡು ಸೆನ್ಸರ್. ಒಂದು ಬಹಳ ಚಿಕ್ಕದು, ಶಾಖ ಅಳೆಯುವಂಥದ್ದು. ಇನ್ನೊಂದು ತೇವಾಂಶ ಹೀರುವ ತೆಳು ಪದರ. ಅದು ನೀರಿನ ಆವಿ ಹೀರಿದಷ್ಟೂ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಅದರಿಂದ ತೇವ ಎಷ್ಟು ಅಂತ ತಿಳಿಯುತ್ತದೆ. ಒತ್ತಡಕ್ಕೆ ಕೆಲವು ಮಾದರಿಗಳಲ್ಲಿ ಬೇರೆ ಸೆನ್ಸರ್ ಇರುತ್ತದೆ, ಕೆಲವುಗಳಲ್ಲಿ ಜಿಪಿಎಸ್ ಹೇಳುವ ಎತ್ತರದಿಂದಲೇ ಲೆಕ್ಕ ಹಾಕುತ್ತಾರೆ. ಗಾಳಿಯ ವೇಗಕ್ಕೆ ಪ್ರತ್ಯೇಕ ಯಂತ್ರ ಇಲ್ಲ. ಬಲೂನು ಗಾಳಿ ಹೋದ ಕಡೆ ಹೋಗುತ್ತದೆ, ಎಷ್ಟು ಸರಿಯಿತು ಅಂತ ಜಿಪಿಎಸ್ ಹೇಳುತ್ತದೆ. ಆ ಸರಿದಾಟವೇ ಗಾಳಿ.

ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. ಹತ್ತು ನಿಮಿಷಕ್ಕೆ 3 ಕಿ.ಮೀ., ಇಪ್ಪತ್ತಕ್ಕೆ 6 ಕಿ.ಮೀ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಬಲೂನು ಉಬ್ಬುತ್ತಾ ಹೋಗಿ, ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸಿನಲ್ಲಿ ಒಡೆಯುತ್ತದೆ. ಏರುವ ಉದ್ದಕ್ಕೂ ಅಂಕಿಗಳನ್ನು ರೇಡಿಯೊದಲ್ಲಿ ಕೆಳಗೆ ಕಳಿಸುತ್ತಿರುತ್ತದೆ. ನಮ್ಮ ಮಾವಿನ ಪ್ರಶ್ನೆಗೆ ಮೊದಲ ಇಪ್ಪತ್ತು ನಿಮಿಷದ ಅಂಕಿಗಳೇ ಹೆಚ್ಚುಕಡಿಮೆ ಸಾಕು.

ಎರಡು ಬೆಳಗಿನ ಅಂಕಿಗಳು

ಪರದೆಯ ಮೇಲೆ ಅಂಕಿಗಳು ಕಂಬಸಾಲಾಗಿ ಬರುತ್ತವೆ. ಮೊದಲ ಕಂಬ ಹೆಕ್ಟೋಪ್ಯಾಸ್ಕಲ್ ಲೆಕ್ಕದಲ್ಲಿ ಗಾಳಿಯ ಒತ್ತಡ, ಎರಡನೆಯದು ಸಮುದ್ರ ಮಟ್ಟದಿಂದ ಎತ್ತರ, ಮೂರನೆಯದು ಶಾಖ, ನಾಲ್ಕನೆಯದು ಇಬ್ಬನಿ ಬಿಂದು. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಯಾವ ಡಿಗ್ರಿಗೆ ಅದರಲ್ಲಿನ ಆವಿ ಹನಿಯಾಗಲು ಶುರುವಾಗುತ್ತದೋ ಅದೇ ಇಬ್ಬನಿ ಬಿಂದು. ಅದು ಶಾಖಕ್ಕೆ ಹತ್ತಿರ ಇದ್ದರೆ ಗಾಳಿ ತೇವದ್ದು, ದೂರ ಇದ್ದರೆ ಒಣದ್ದು.

ಮೊದಲ ದಿನ, ಬೆಳಗ್ಗೆ 5:30:

```
PRES   HGHT    TEMP    DWPT
 hPa      m       C       C
 925    760    26.0    17.0
 850   1500    25.0     6.0
 700   3150    15.0    -8.0
 500   5870    -6.0   -28.0
```

ಎರಡನೇ ದಿನ, ಅದೇ ಹೊತ್ತು:

```
PRES   HGHT    TEMP    DWPT
 hPa      m       C       C
 925    760    25.0    20.0
 850   1500    22.0    15.0
 700   3150    12.5     4.0
 500   5870    -6.0   -25.0
```

ನಿಜವಾದ ಪಟ್ಟಿಯಲ್ಲಿ ಸಾಲುಗಳು ಇದಕ್ಕಿಂತ ತುಂಬ ಜಾಸ್ತಿ ಇರುತ್ತವೆ, ಗಾಳಿಯ ಕಂಬಗಳೂ ಇರುತ್ತವೆ. ಕಥೆ ಹೇಳಲು ಈ ನಾಲ್ಕು ಸಾಲು ಸಾಕು.

ಗಾಳಿ ಅಸ್ಥಿರ ಇದೆಯೇ ಅಂತ ನೋಡುವಾಗ ಹೊಸಬರು ಮೊದಲು ನೋಡುವುದು ಮೇಲಕ್ಕೆ ಹೋದಂತೆ ಶಾಖ ಎಷ್ಟು ಇಳಿಯುತ್ತದೆ ಅಂತ. ಕೆಳಗೆ ಬಿಸಿ, ಮೇಲೆ ತಂಪು ಇದ್ದಷ್ಟೂ ಗಾಳಿ ಮಗುಚಲು ತಯಾರಿರುತ್ತದೆ ಅನ್ನುವುದು ಸರಿಯೇ. ಆದರೆ ಬರೀ ಅದನ್ನೇ ಹಿಡಿದು ಈ ಎರಡು ಪಟ್ಟಿ ನೋಡಿದರೆ ಉತ್ತರ ತಲೆಕೆಳಗಾಗುತ್ತದೆ. 850ರಿಂದ 500 ಹೆಕ್ಟೋಪ್ಯಾಸ್ಕಲ್ ವರೆಗೆ ಮೊದಲ ದಿನ ಶಾಖ 31 ಡಿಗ್ರಿ ಇಳಿದಿದೆ. ಎರಡನೇ ದಿನ 28 ಮಾತ್ರ. ಅಂದರೆ ಒಣಗಿಹೋದ ಮೊದಲ ದಿನವೇ ಜಾಸ್ತಿ ಅಪಾಯಕಾರಿ ಅಂತ ಕಾಣುತ್ತದೆ!

ಇಬ್ಬನಿ ಬಿಂದುವಿನ ಕಂಬ ನೋಡಿ. 850ರ ಮಟ್ಟದಲ್ಲಿ, ಅಂದರೆ ಒತ್ತಡ 850 ಇರುವ 1500 ಮೀಟರ್ ಎತ್ತರದಲ್ಲಿ, ಮೊದಲ ದಿನ 6, ಎರಡನೇ ದಿನ 15. ಒಂದೇ ರಾತ್ರಿಯಲ್ಲಿ ಆ ಎತ್ತರದ ಗಾಳಿ ಹೆಚ್ಚುಕಡಿಮೆ ಎರಡು ಪಟ್ಟು ಆವಿ ತುಂಬಿಕೊಂಡಿದೆ. ಇನ್ನೊಂದು ಬದಲಾವಣೆ 700ರ ಮಟ್ಟದಲ್ಲಿ: 15 ಇದ್ದದ್ದು 12.5 ಆಗಿದೆ. ನೋಡಲು ಚಿಕ್ಕದು. ಈ ಪ್ರಕರಣದ ಅರ್ಧ ಗುಟ್ಟು ಆ ಎರಡೂವರೆ ಡಿಗ್ರಿಯಲ್ಲಿದೆ.

ಗೋವಾದ ಅಂಕಿ ಹುಬ್ಬಳ್ಳಿಗೆ ಹೇಗೆ

ಲೆಕ್ಕಕ್ಕೆ ಮುಂಚೆ ಒಂದು ತಿದ್ದುಪಡಿ ಮಾಡಲೇಬೇಕು. ಪಣಜಿ ಕಡಲ ದಡದಲ್ಲಿದೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ನಡುವೆ ಸಹ್ಯಾದ್ರಿ. ಗೋವಾದ ಬಲೂನು ಮೊದಲ ಎರಡು ನಿಮಿಷ ಅಳೆದ ಕಡಲಂಚಿನ ಒದ್ದೆ ಗಾಳಿ ಹುಬ್ಬಳ್ಳಿಯ ಮೇಲೆ ಇಲ್ಲವೇ ಇಲ್ಲ. ಅಲ್ಲಿ ಆ ಎತ್ತರದಲ್ಲಿ ನೆಲ ಇದೆ. ಪರದೆಯಲ್ಲಿ ಪಟ್ಟಿಯ ಕೆಳಗೆ ಸಿದ್ಧವಾಗಿ ಬರುವ ಅಸ್ಥಿರತೆಯ ಅಂಕಿಗಳು ಆ ಒದ್ದೆ ಗಾಳಿಯಿಂದ ಲೆಕ್ಕ ಶುರು ಮಾಡಿರುತ್ತವೆ. ಅವನ್ನು ಹಾಗೇ ಹುಬ್ಬಳ್ಳಿಗೆ ಹಚ್ಚಿದರೆ ಬೇಸಿಗೆಯಲ್ಲಿ ದಿನಾಲೂ ಗುಡುಗು ಅಂತಲೇ ಬರುತ್ತದೆ.

ಸರಿಯಾದ ದಾರಿ ಇದು. 650 ಮೀಟರಿಗಿಂತ ಕೆಳಗಿನ ಸಾಲುಗಳನ್ನು ಅಳಿಸಬೇಕು. ಬದಲಿಗೆ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ನಿರೀಕ್ಷಿಸುವ ಶಾಖ ಮತ್ತು ಇಬ್ಬನಿ ಬಿಂದು ಹಾಕಬೇಕು. ಬೆಳಗಿನ ಅಂಕಿಯೂ ಬೇಡ, ಮಧ್ಯಾಹ್ನದ್ದೇ ಬೇಕು. ಯಾಕಂದರೆ ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿಯೂ ತಣ್ಣಗಿರುತ್ತದೆ. ಆ ತಂಪು ಗಾಳಿ ಎಲ್ಲಿಗೂ ಏರುವುದಿಲ್ಲ. ಬಿಸಿಲಿಗೆ ನೆಲ ಕಾದು ಮೊದಲ ಎರಡು-ಮೂರು ಕಿ.ಮೀ. ಗಾಳಿಯನ್ನು ಕಲಸಿದ ಮೇಲೆಯೇ ಆಟ ಶುರು.

ನಮ್ಮ ಎರಡೂ ದಿನ ಮಧ್ಯಾಹ್ನದ ಶಾಖ 37. ಇಬ್ಬನಿ ಬಿಂದು ಮೊದಲ ದಿನ 11, ಎರಡನೇ ದಿನ 18. ಮೈಗೆ ಎರಡೂ ದಿನ ಸೆಕೆಯೇ. ಎರಡನೇ ದಿನ ಬೆವರು ಆರುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಕಡೆ ಹಿರಿಯರು "ಕುದಿ ಹತ್ತೈತಿ, ಮಳಿ ಬರತೈತಿ" ಅನ್ನುವುದು ಈ ಬೆವರಿನ ಅಂದಾಜಿನ ಮೇಲೆಯೇ. ಒಳ್ಳೆಯ ಅಂದಾಜು. ಆದರೆ 3 ಕಿ.ಮೀ. ಮೇಲೆ ಏನಿದೆ ಅಂತ ಮೈಗೆ ಗೊತ್ತಾಗುವುದಿಲ್ಲ.

ಮೊದಲ ದಿನ: ಮುಚ್ಚಳ

ನೆಲದ ಹತ್ತಿರದ ಒಂದಿಷ್ಟು ಗಾಳಿ ಕಾದು ಏರುತ್ತದೆ ಅಂತ ಇಟ್ಟುಕೊಳ್ಳಿ. ಏರಿದಂತೆ ಒತ್ತಡ ಕಡಿಮೆಯಾಗುತ್ತದೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಮೋಡ ಕಟ್ಟುವವರೆಗೆ ಈ ಇಳಿಕೆ ಕಿ.ಮೀ.ಗೆ 9.8 ಡಿಗ್ರಿ. ಇದು ಭೌತಶಾಸ್ತ್ರದ ಖಚಿತ ಅಂಕಿ, ಊರು ಯಾವುದಾದರೂ ಬದಲಾಗುವುದಿಲ್ಲ.

ಹುಬ್ಬಳ್ಳಿಯ ನೆಲ 650 ಮೀಟರ್, 700ರ ಮಟ್ಟ 3150 ಮೀಟರ್. ನಡುವೆ ಎರಡೂವರೆ ಕಿ.ಮೀ. 37 ಡಿಗ್ರಿಯಿಂದ ಹೊರಟ ಗಾಳಿ ಅಲ್ಲಿ ತಲುಪುವಾಗ 24.5 ಡಿಗ್ರಿ ಕಳೆದುಕೊಂಡು 12.5ಕ್ಕೆ ಬಂದಿರುತ್ತದೆ. ಅಲ್ಲಿ ಸುತ್ತಲಿನ ಗಾಳಿ 15 ಅಂತ ಬಲೂನು ಹೇಳಿದೆ. ಏರಿ ಬಂದದ್ದು ಸುತ್ತಲಿನದಕ್ಕಿಂತ ಎರಡೂವರೆ ಡಿಗ್ರಿ ತಂಪು, ಅಂದರೆ ಭಾರ. ಅದು ಅಲ್ಲೇ ನಿಂತು ಕೆಳಗೆ ಬರುತ್ತದೆ. ಇದಕ್ಕೆ ಹವಾಮಾನದವರು ಮುಚ್ಚಳ ಅನ್ನುತ್ತಾರೆ. ಮೇಲೆ ಹರಡಿದ ಬೆಚ್ಚನೆಯ ಒಣ ಪದರ ಕೆಳಗಿನ ಗಾಳಿಯನ್ನು ಅದುಮಿ ಇಟ್ಟಿರುತ್ತದೆ. ಆ ದಿನ ಆಕಾಶದಲ್ಲಿ ದೊಡ್ಡ ಮೋಡ ಒಂದೂ ಬೆಳೆಯುವುದಿಲ್ಲ. ಧೂಳು ಮಾತ್ರ ಮಬ್ಬಾಗಿ ತುಂಬಿರುತ್ತದೆ, ಯಾಕಂದರೆ ಅದಕ್ಕೂ ಮೇಲೆ ಹೋಗಲು ದಾರಿ ಇಲ್ಲ.

ಮುಚ್ಚಳ ಒಡೆಯಲು ಎಷ್ಟು ಬಿಸಿ ಬೇಕಿತ್ತು? 700ರಲ್ಲಿ 15 ಆಗಬೇಕಾದರೆ ನೆಲದಲ್ಲಿ 39.5 ಇರಬೇಕು. ಆ ದಿನ 37ಕ್ಕೇ ನಿಂತಿತು.

ಒಂದು ವೇಳೆ 39.5 ಮುಟ್ಟಿದ್ದರೆ ಆಲಿಕಲ್ಲು ಬೀಳುತ್ತಿತ್ತಾ? ಇಲ್ಲ, ಇದನ್ನೂ ನೋಡಿಬಿಡೋಣ. ಮೋಡದ ತಳ ಎಷ್ಟು ಎತ್ತರ ಅಂತ ತಿಳಿಯಲು ಸುಲಭ ಲೆಕ್ಕ ಇದೆ: ಶಾಖ ಮತ್ತು ಇಬ್ಬನಿ ಬಿಂದುವಿನ ಅಂತರವನ್ನು 125ರಿಂದ ಗುಣಿಸಿದರೆ ನೆಲದಿಂದ ಮೀಟರ್ ಸಿಗುತ್ತದೆ. 39.5ರಿಂದ 11 ಕಳೆದರೆ 28.5. ಗುಣಿಸಿದರೆ 3560 ಮೀಟರ್ ಚಿಲ್ಲರೆ. ಅಷ್ಟು ಮೇಲೆ ಹೋಗಿ ಕಟ್ಟಿದ ಮೋಡದಲ್ಲಿ ಆವಿ ಕಡಿಮೆ. 500ರ ಮಟ್ಟ ತಲುಪುವಾಗ ಅದು ಸುತ್ತಲಿಗಿಂತ ಎರಡು ಡಿಗ್ರಿಯೂ ಬೆಚ್ಚಗಿರುವುದಿಲ್ಲ. ಬಡಕಲು ಮೋಡ, ನಾಲ್ಕು ಹನಿ ಬಿದ್ದರೂ ದಾರಿಯಲ್ಲೇ ಆರಿಹೋಗುತ್ತವೆ. ಮೇಲೆ ಶಾಖ ಅಷ್ಟು ಚೆನ್ನಾಗಿ ಇಳಿದಿದ್ದರೂ ಅದನ್ನು ಬಳಸಿಕೊಳ್ಳುವ ಆವಿ ಕೆಳಗೆ ಇರಲಿಲ್ಲ.

ಎರಡನೇ ದಿನ: ಆವಿ ಬಂತು, ಮುಚ್ಚಳ ಸಡಿಲಾಯಿತು

ಬಲೂನಿನ ಗಾಳಿಯ ಕಂಬ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ದಿನ 850ರಲ್ಲಿ ಗಾಳಿ ಉತ್ತರದ ಒಳನಾಡಿನಿಂದ, ಒಣದ್ದು. ಎರಡನೇ ದಿನ ಪಶ್ಚಿಮಕ್ಕೆ ತಿರುಗಿದೆ, ಅರಬ್ಬಿ ಸಮುದ್ರದ ಕಡೆಯಿಂದ. ಏಪ್ರಿಲ್-ಮೇ ತಿಂಗಳಲ್ಲಿ ಹವಾಮಾನ ಇಲಾಖೆಯ ವರದಿಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಉತ್ತರ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚಿದ ಕಡಿಮೆ ಒತ್ತಡದ ಒಂದು ಪಟ್ಟೆಯ ಮಾತು ಮತ್ತೆ ಮತ್ತೆ ಬರುತ್ತದೆ. ಆ ಪಟ್ಟೆ ಸ್ವಲ್ಪ ಸರಿದರೆ ಸಾಕು, ನಮ್ಮ ಕಡೆಗೆ ಬೀಸುವ ಗಾಳಿಯ ಮೂಲವೇ ಬದಲಾಗುತ್ತದೆ. ಪಟ್ಟೆಯ ಹತ್ತಿರ ಗಾಳಿ ನಿಧಾನವಾಗಿ ಮೇಲಕ್ಕೂ ಏರುತ್ತದೆ. ಹಾಗೆ ಏರಿದ ಪದರ ತಣ್ಣಗಾಗುತ್ತದೆ. 700ರ ಮಟ್ಟದ ಎರಡೂವರೆ ಡಿಗ್ರಿ ಹೀಗೆ ಕರಗಿದೆ.

ಈಗ ಅದೇ ಲೆಕ್ಕ. ಶಾಖ 37, ಇಬ್ಬನಿ ಬಿಂದು 18, ಅಂತರ 19. 125ರಿಂದ ಗುಣಿಸಿದರೆ 2375 ಮೀಟರ್. ಮೋಡದ ತಳ ನೆಲದಿಂದ ಸುಮಾರು 2.4 ಕಿ.ಮೀ. ಮೇಲೆ, ಸಮುದ್ರ ಮಟ್ಟದಿಂದ 3 ಕಿ.ಮೀ. ಅಲ್ಲಿ ಏರಿ ಬಂದ ಗಾಳಿಯ ಶಾಖ 13.7.

ಇಲ್ಲಿಂದ ಮುಂದೆ ನಿಯಮ ಬದಲಾಗುತ್ತದೆ. ಆವಿ ಹನಿಯಾಗುವಾಗ ತನ್ನಲ್ಲಿದ್ದ ಶಾಖ ಬಿಟ್ಟುಕೊಡುತ್ತದೆ. ಒಲೆಯ ಮೇಲೆ ನೀರನ್ನು ಆವಿ ಮಾಡಲು ಕೊಟ್ಟ ಉರಿಯೇ ಅಲ್ಲಿ ವಾಪಸ್ ಸಿಗುವುದು. ಹಾಗಾಗಿ ಮೋಡದೊಳಗೆ ಏರುವ ಗಾಳಿ ಕಿ.ಮೀ.ಗೆ 9.8 ಅಲ್ಲ, ಈ ಎತ್ತರದಲ್ಲಿ ಐದು ಡಿಗ್ರಿಗಿಂತ ಸ್ವಲ್ಪ ಕಡಿಮೆ ತಣ್ಣಗಾಗುತ್ತದೆ. ಈ ಅಂಕಿ 9.8ರ ಹಾಗೆ ಖಚಿತ ಅಲ್ಲ. ಆವಿ ಜಾಸ್ತಿ ಇದ್ದರೆ ಇಳಿಕೆ ಇನ್ನೂ ಕಡಿಮೆ, ತುಂಬ ಮೇಲೆ ಆವಿ ಮುಗಿದ ಮೇಲೆ ಮತ್ತೆ 9.8ರ ಹತ್ತಿರ. ಅದಕ್ಕೇ ಇದನ್ನು ಕೈಲೆಕ್ಕದಲ್ಲಿ ಮಾಡುವುದಿಲ್ಲ, ಮೊದಲೇ ಗೆರೆ ಹಾಕಿಟ್ಟ ನಕ್ಷೆಯ ಮೇಲೆ ಓದುತ್ತಾರೆ. ನಮ್ಮ ಹವಾಮಾನ ಇಲಾಖೆಯಲ್ಲಿ ಟೀ-ಫೈಗ್ರಾಮ್ ಅನ್ನುವ ನಕ್ಷೆ ಬಳಕೆಯಲ್ಲಿದೆ.

ನಕ್ಷೆಯ ಗೆರೆ ಹಿಡಿದು ಹೋಗೋಣ. 700ರಲ್ಲಿ ಮೋಡದ ಗಾಳಿ ಸುಮಾರು 13, ಸುತ್ತಲಿನದು 12.5. ಕೂದಲೆಳೆಯಷ್ಟು ಬೆಚ್ಚಗೆ, ಆದರೆ ಮುಚ್ಚಳ ದಾಟಿತು. 500ಕ್ಕೆ ಬರುವಾಗ ಮೋಡದ ಗಾಳಿ 0 ಡಿಗ್ರಿ, ಸುತ್ತಲಿನದು ಮೈನಸ್ 6. ಆರು ಡಿಗ್ರಿ ಬೆಚ್ಚಗಿದೆ! ಸುತ್ತಲಿನ ಶಾಖದಿಂದ ಏರಿದ ಗಾಳಿಯ ಶಾಖ ಕಳೆದು ಬರುವ ಈ ಮೈನಸ್ 6 ಅನ್ನು ಲಿಫ್ಟೆಡ್ ಇಂಡೆಕ್ಸ್ ಅನ್ನುತ್ತಾರೆ. ಸೊನ್ನೆಯ ಆಸುಪಾಸಿದ್ದರೆ ಚಿಂತೆ ಇಲ್ಲ. ಮೈನಸ್ 4 ದಾಟಿದರೆ ಜೋರು ಗುಡುಗುಮಳೆಗೆ ಬೇಕಾದ ಸಾಮಾನು ಇದೆ ಅಂತ ಅರ್ಥ. ಮೊದಲ ದಿನ, 37 ಡಿಗ್ರಿಯ ಗಾಳಿಯನ್ನು ಹೇಗಾದರೂ ಅಲ್ಲಿಗೆ ಎತ್ತಿದ್ದರೂ, ಇದೇ ಅಂಕಿ ಹತ್ತಿರ ಹತ್ತಿರ ಸೊನ್ನೆ.

500ರಲ್ಲೇ ನಿಲ್ಲುವುದಿಲ್ಲ. ಆ ಮೋಡದ ಗಾಳಿ 13-14 ಕಿ.ಮೀ. ವರೆಗೂ ಸುತ್ತಲಿಗಿಂತ ಬೆಚ್ಚಗೇ ಇರುತ್ತದೆ. ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಸಿಗುವ ಜಾಗದ ಅಳತೆಯೇ ಏರುವ ಗಾಳಿಗೆ ಸಿಗುವ ಶಕ್ತಿ. ಪರದೆಯಲ್ಲಿ ಇದು `CAPE` ಅಂತ ಕಾಣುತ್ತದೆ. ನಮ್ಮ ಎರಡನೇ ದಿನಕ್ಕೆ ಅದು ಕಿಲೋಗೆ ಸುಮಾರು 2000 ಜೂಲ್. ಪೂರ್ತಿ ಶಕ್ತಿ ವೇಗವಾಗಿ ಬದಲಾದರೆ ಸೆಕೆಂಡಿಗೆ 63 ಮೀಟರ್ ಬರುತ್ತದೆ. ನಿಜದಲ್ಲಿ ಸುತ್ತಲಿನ ಒಣಗಾಳಿ ಬೆರೆತು, ಹನಿಗಳ ಭಾರ ಸೇರಿ ಅರ್ಧವೂ ಸಿಗುವುದು ಕಷ್ಟ. ಅರ್ಧ ಅಂದರೂ ಮೇಲ್ಮುಖ ಗಾಳಿ ಗಂಟೆಗೆ 100 ಕಿ.ಮೀ. ಮೀರುತ್ತದೆ. ಆಲಿಕಲ್ಲನ್ನು ಬೀಳಲು ಬಿಡದೆ ಮೇಲೆಯೇ ಹಿಡಿದಿಡುವುದು ಈ ಗಾಳಿ. ನಮ್ಮ ಪಟ್ಟಿಯಂತೆ ಹೊರಗಿನ ಗಾಳಿ ಸೊನ್ನೆ ಡಿಗ್ರಿಗೆ ಬರುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಅದಕ್ಕೂ ಮೇಲೆ ಮೋಡದಲ್ಲಿ ಹೆಪ್ಪುಗಟ್ಟದ ತಣ್ಣನೆಯ ಹನಿಗಳು ಬೇಕಾದಷ್ಟು ಇರುತ್ತವೆ. ಹಿಮದ ಕಣಕ್ಕೆ ಅವು ಬಡಿದು ಅಂಟಿ ಕಲ್ಲು ಬೆಳೆಯುತ್ತದೆ. ಹಿಡಿದಿಡುವ ಗಾಳಿ ಜೋರಾದಷ್ಟೂ ಕಲ್ಲು ದಪ್ಪ.

ಇನ್ನೊಂದು ವಿಷಯ ಮಾವಿನವರಿಗೆ ಬಹಳ ಮುಖ್ಯ. ಮೋಡದ ತಳದಿಂದ ನೆಲದವರೆಗೆ 2.4 ಕಿ.ಮೀ. ಬಿಸಿ ಒಣ ಗಾಳಿ ಇದೆ. ಮಳೆ ಅದರ ಮೂಲಕ ಬೀಳುವಾಗ ಒಂದು ಪಾಲು ಆವಿಯಾಗಿ ಗಾಳಿಯ ಶಾಖವನ್ನು ಕಸಿದುಕೊಳ್ಳುತ್ತದೆ. ತಣ್ಣಗಾದ ಆ ಗಾಳಿ ಭಾರವಾಗಿ ದಬ್ಬನೆ ಕೆಳಗೆ ಬಿದ್ದು ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಮಳೆಗೆ ಐದು-ಹತ್ತು ನಿಮಿಷ ಮುಂಚೆ ಧೂಳೆಬ್ಬಿಸಿ ಬರುವ ಆ ತಂಪು ಬಿರುಗಾಳಿ ಇದೇ. ಕಾಯಿ ಉದುರುವುದು ಎಷ್ಟೋ ಸಲ ಆಲಿಕಲ್ಲಿಗಿಂತ ಇದರಿಂದಲೇ ಜಾಸ್ತಿ. ಜುಲೈ ತಿಂಗಳ ಮಳೆಯಲ್ಲಿ ಇಂಥ ಗಾಳಿ ಅಪರೂಪ, ಯಾಕಂದರೆ ಆಗ ಮೋಡದ ತಳ ಬಹಳ ಕೆಳಗಿರುತ್ತದೆ, ಆರುವುದಕ್ಕೆ ಜಾಗ ಇರುವುದಿಲ್ಲ.

ಬಲೂನು ಹೇಳದ್ದು, ತಪ್ಪು ಹೇಳುವುದು

ಎರಡನೇ ದಿನ ಬೆಳಗ್ಗೆ ಎಂಟು ಗಂಟೆಗೆ ಮಾಮಾಗೆ ಹೇಳಬಹುದಾದದ್ದು ಇಷ್ಟು: ಇವತ್ತು ಮುಚ್ಚಳ ಒಡೆದು ಮೋಡ ಬೆಳೆದರೆ ಅದು ಬಿರುಗಾಳಿ, ಕಲ್ಲು ತರುವಂಥದ್ದು. ನಿಮ್ಮ ತೋಟದ ಮೇಲೇ ಬೀಳುತ್ತದೆ ಅಂತ ಹೇಳಲು ಬರುವುದಿಲ್ಲ. ಮೋಡ ಮೊದಲು ಏಳುವ ಜಾಗ ಸಾಮಾನ್ಯವಾಗಿ ಕಡಲ ಕಡೆಯಿಂದ ಘಟ್ಟ ಹತ್ತಿ ಬಂದ ಗಾಳಿ ಒಳನಾಡಿನ ಒಣಗಾಳಿಗೆ ಎದುರಾಗುವ ಗೆರೆ. ಆ ಗೆರೆ ಮಧ್ಯಾಹ್ನ ಅಳ್ನಾವರದ ಹತ್ತಿರ ನಿಲ್ಲುತ್ತದೋ, ಧಾರವಾಡ ದಾಟುತ್ತದೋ ಅನ್ನುವುದು 140 ಕಿ.ಮೀ. ದೂರದ ಒಂದು ಬಲೂನಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಗೋವಾದ ಡಾಪ್ಲರ್ ರಾಡಾರ್ ಚಿತ್ರ ಮತ್ತು ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ನೋಡುವುದೇ ದಾರಿ.

ಗಾಳಿಯ ಕಂಬದಿಂದ ಇನ್ನೊಂದು ಸುಳಿವು ಸಿಗುತ್ತದೆ. ಕೆಳಗಿನ ಗಾಳಿಗೂ 6 ಕಿ.ಮೀ. ಮೇಲಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಮೋಡ ವಾಲಿಕೊಂಡು ಗಂಟೆಗಟ್ಟಲೆ ಬದುಕುತ್ತದೆ. ನಮ್ಮ ಎರಡನೇ ದಿನ ಆ ವ್ಯತ್ಯಾಸ ಕಡಿಮೆ. ಮೋಡ ನೆಟ್ಟಗೆ ನಿಂತು ಬೆಳೆದು, ತನ್ನ ಮಳೆಯ ತಂಪು ಗಾಳಿಯಿಂದ ತನ್ನ ಬುಡವನ್ನೇ ಕತ್ತರಿಸಿಕೊಂಡು ಮುಕ್ಕಾಲು ಗಂಟೆಯೊಳಗೆ ಸಾಯುತ್ತದೆ. ಒಂದು ಊರಿಗೆ ಕಲ್ಲು ಬಿದ್ದು ಎರಡು ಮೈಲಿ ಆಚೆಯ ಊರು ಒಣ ಇರುವುದು ಇದೇ ಕಾರಣಕ್ಕೆ.

ಅಂಕಿಗಳಲ್ಲೇ ದೋಷ ಇರಬಹುದು. ಬಲೂನು ಮೋಡದ ಮೂಲಕ ಹೋದರೆ ಸೆನ್ಸರ್ ಒದ್ದೆಯಾಗುತ್ತದೆ. ಮೋಡ ದಾಟಿ ಒಣಗಾಳಿಗೆ ಬಂದಾಗ ಆ ನೀರು ಆರುತ್ತದೆ, ಆರುವಾಗ ಸೆನ್ಸರನ್ನು ತಣ್ಣಗೆ ಮಾಡುತ್ತದೆ. ಆಗ ಪಟ್ಟಿಯಲ್ಲಿ ಶಾಖ ಇದ್ದಕ್ಕಿದ್ದಂತೆ ಕುಸಿದು ಮತ್ತೆ ಮೇಲೆ ಬರುತ್ತದೆ. ಇದನ್ನು ಹಿಡಿಯುವುದು ಹೇಗೆ? ನೆಲದಿಂದ ದೂರ, ಮೇಲಿನ ಗಾಳಿಯಲ್ಲಿ ಇಳಿಕೆ ಕಿ.ಮೀ.ಗೆ 9.8 ಮೀರಿದೆ ಅಂತ ಕಂಡರೆ ಅನುಮಾನ ಪಡಬೇಕು. ಅಂಥ ಗಾಳಿ ನಿಜವಾಗಿದ್ದರೆ ತಕ್ಷಣ ಮಗುಚಿ ಸರಿಹೋಗುತ್ತದೆ, ಬಲೂನು ಬರುವ ತನಕ ಕಾಯುವುದಿಲ್ಲ. ಬಿಸಿಲಿಗೆ ಕಾದ ನೆಲದ ಮೇಲಿನ ಮೊದಲ ಕೆಲವು ಮೀಟರ್ ಮಾತ್ರ ಇದಕ್ಕೆ ಹೊರತು. ಹಾಗೇ ಮೋಡ ಮುಗಿದ ಮೇಲೂ ಇಬ್ಬನಿ ಬಿಂದು ಶಾಖಕ್ಕೆ ಅಂಟಿಕೊಂಡೇ ಬಹಳ ಎತ್ತರ ಹೋಗಿದ್ದರೆ ತೇವಾಂಶದ ಪದರಕ್ಕೆ ನೀರು ಇಲ್ಲವೇ ಹಿಮ ಹಿಡಿದಿರಬಹುದು. ಅಂಥ ದಿನದ ತೇವದ ಅಂಕಿಯನ್ನು ಬದಿಗಿಟ್ಟು ಬೆಂಗಳೂರು ಅಥವಾ ಮಂಗಳೂರಿನ ಪಟ್ಟಿಯ ಜೊತೆ ತಾಳೆ ನೋಡುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ದೊಡ್ಡ ತೊಂದರೆ ಹೊತ್ತಿನದು. ಬೆಳಗಿನ ಬಲೂನಿಗೂ ಸಂಜೆಯ ಮಳೆಗೂ ನಡುವೆ ಹನ್ನೊಂದು ಗಂಟೆ. ಇಬ್ಬನಿ ಬಿಂದು 18 ಆಗುತ್ತದೆ ಅಂತ ಇಟ್ಟುಕೊಂಡದ್ದು ಮಧ್ಯಾಹ್ನದ ಒಣಗಾಳಿ ಕಲಸಿ 15ಕ್ಕೆ ಇಳಿದರೆ ಮೋಡದ ತಳ ಇನ್ನೂ ಸುಮಾರು 375 ಮೀಟರ್ ಮೇಲೆ ಹೋಗುತ್ತದೆ, ಸಿಗುವ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಹಾಗಾಗಿ ಬೆಳಗಿನ ಲೆಕ್ಕ ಮಾಡಿ ಕೈತೊಳೆದುಕೊಳ್ಳಬಾರದು. ಮಧ್ಯಾಹ್ನ 1 ಗಂಟೆಗೆ ಹುಬ್ಬಳ್ಳಿಯ ಶಾಖ ಮತ್ತು ಇಬ್ಬನಿ ಬಿಂದು ನೋಡಿ ಮತ್ತೊಮ್ಮೆ 125ರ ಗುಣಾಕಾರ ಮಾಡಬೇಕು. ಎರಡು ನಿಮಿಷದ ಕೆಲಸ.

ತೋಟದಲ್ಲಿ ಏನು ಮಾಡುವುದು

ಎರಡನೇ ದಿನದಂಥ ಪಟ್ಟಿ ಕಂಡರೆ ಮಾಮಾಗೆ ನಾನು ಹೇಳುವುದು: ಪೂರ್ತಿ ಬಲಿತ ಕಾಯಿಯನ್ನು ಬೆಳಗ್ಗೆಯೇ ಇಳಿಸಿ, ಎತ್ತರದ ಟೊಂಗೆ ಮತ್ತು ಗಾಳಿಗೆ ಒಡ್ಡಿಕೊಂಡ ಅಂಚಿನ ಗಿಡ ಮೊದಲು. ಎರಡು ಗಂಟೆಯ ನಂತರ ಯಾರನ್ನೂ ಗಿಡ ಹತ್ತಿಸಬೇಡಿ. ಎಳೆಗಾಯಿಯನ್ನು ಹೆದರಿ ಕೀಳಬೇಡಿ, ಅದು ಹಣ್ಣಾಗುವುದಿಲ್ಲ, ಮಳೆ ಪಕ್ಕದ ಊರಿಗೇ ಹೋಗಿಬಿಡಬಹುದು.

ಮೂರನೇ ದಿನದ ಪ್ರಶ್ನೆಯೂ ಕೂಡಲೇ ಬರುತ್ತದೆ: "ನಾಳಿನೂ ಬರತೈತೇನು?" ಮೂರನೇ ಬೆಳಗ್ಗೆ 850ರ ಇಬ್ಬನಿ ಬಿಂದು 14 ಇದೆ ಅಂದುಕೊಳ್ಳಿ. ಆವಿ ಇನ್ನೂ ಇದೆ. ಆದರೆ 700ರ ಶಾಖ 14ಕ್ಕೆ ಮರಳಿದೆ. ಹಳೆಯ ಲೆಕ್ಕದಂತೆ ನೆಲ 38.5 ಮುಟ್ಟಿದರೆ ಮಾತ್ರ ಬರೀ ಬಿಸಿಲಿನ ಬಲದಿಂದ ಮುಚ್ಚಳ ಒಡೆಯುತ್ತದೆ. ನಿನ್ನೆಯ ಮಳೆಗೆ ನೆಲ ಒದ್ದೆ. ಬಿಸಿಲಿನ ಒಂದು ಪಾಲು ನೀರು ಆರಿಸುವುದರಲ್ಲೇ ಹೋಗುತ್ತದೆ, ಶಾಖ 35 ದಾಟುವುದು ಕಷ್ಟ. ಮೂರೂವರೆ ಡಿಗ್ರಿ ಕೊರತೆ. ಗಾಳಿ ನೂಕಿ ಎತ್ತುವ ಬೇರೆ ಕಾರಣ ಒದಗದಿದ್ದರೆ ಆ ದಿನ ಉಳಿದ ಕಾಯಿ ಗಿಡದಲ್ಲೇ ಇರಲಿ ಅಂತ ಹೇಳಬಹುದು. ಮಧ್ಯಾಹ್ನ 1 ಗಂಟೆಗೆ ಮಾತ್ರ ಮತ್ತೊಮ್ಮೆ ಫೋನ್ ಮಾಡಿ ಅಂತಲೂ ಸೇರಿಸುತ್ತೇನೆ.